ಮುಂದೆ ಜೇನು, ಹಿಂದೆ ಸಕ್ಕರೆ: ಕುರುಕಲು ತಿಂಡಿಯ ಲೇಬಲ್ ಬರೆಯುವುದು ಹೇಗೆ?

ಜೇನುತುಪ್ಪ, ಖಾರ ಹಾಕಿ ಹುರಿದ ಕಡಲೇಬೀಜದ ಒಂದು ಪ್ಯಾಕೆಟ್ ಇದೆ ಅಂದುಕೊಳ್ಳಿ. ಮುಂಭಾಗದಲ್ಲಿ ಚಮಚದಿಂದ ಜೇನು ಸುರಿಯುವ ದೊಡ್ಡ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಜೇನು ಕಡಲೆ’. ಪ್ಯಾಕೆಟ್ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿದರೆ ಕಡಲೇಬೀಜ ಆದಮೇಲೆ ಸಕ್ಕರೆ, ಎಣ್ಣೆ, ಮಸಾಲೆ, ಆಮೇಲೆ ಐದನೇ ಜಾಗದಲ್ಲಿ ಜೇನುತುಪ್ಪ. ತಯಾರಕರು ಸುಳ್ಳು ಹೇಳಿದ್ದಾರಾ? ಪೂರ್ತಿ ಇಲ್ಲ. ನಿಜ ಹೇಳಿದ್ದಾರಾ? ಅದೂ ಪೂರ್ತಿ ಇಲ್ಲ.

ಇಂಥ ಲೇಬಲ್ ಹುಟ್ಟುವುದಕ್ಕೆ ಬಹಳ ಸಲ ಕೆಟ್ಟ ಉದ್ದೇಶ ಕಾರಣ ಆಗಿರಲ್ಲ. ಕೆಲಸ ಶುರುವಾಗುವ ಕ್ರಮವೇ ತಿರುಗುಮುರುಗು. ಮೊದಲು ಹೆಸರು, ಬಣ್ಣ, ಚಿತ್ರ ಅಂತ ಡಿಸೈನರ್ ಹತ್ತಿರ ಹೋಗುತ್ತಾರೆ. ಮುಂಭಾಗ ಚೆಂದ ಆಗಿ ಎಲ್ಲರೂ ಒಪ್ಪಿದ ಮೇಲೆ ‘ಹಿಂದೆ ಕಾನೂನಿನ ಪ್ರಕಾರ ಏನೇನು ಬೇಕೋ ಅದನ್ನ ಹಾಕಿಬಿಡಿ’ ಅನ್ನುತ್ತಾರೆ. ಆಗ ಉಳಿದಿರೋ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ತುರುಕಬೇಕು. ನನ್ನ ಪ್ರಕಾರ ಹಿಂಭಾಗವನ್ನೇ ಮೊದಲು ಬರೆಯಬೇಕು. ಪದಾರ್ಥ, ಅಲರ್ಜಿ ಮಾಹಿತಿ, ಬಾಳಿಕೆ ಮೂರೂ ಖಚಿತವಾದ ಮೇಲೆ ಮುಂಭಾಗದಲ್ಲಿ ಎಷ್ಟು ಆಸೆ ಹುಟ್ಟಿಸಬಹುದು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಈ ಕಡಲೇಬೀಜದ ಪ್ಯಾಕೆಟ್ಟನ್ನೇ ಹಿಡಿದು ಅದು ಹೇಗೆ ಅಂತ ನೋಡೋಣ.

ಲೇಬಲ್ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ಬಹುಪಾಲು ನಿಯಮಗಳ ಹಿಂದೆ ಒಂದೇ ಬೇರು ಇದೆ: ಕೋಡೆಕ್ಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಆಯೋಗ ಅದು. ಪ್ಯಾಕ್ ಮಾಡಿದ ಆಹಾರದ ಲೇಬಲ್ ಬಗ್ಗೆ ಅದರ ಮಾನದಂಡ 1985ರದ್ದು, ಆಮೇಲೆ ಹಲವು ಸಲ ತಿದ್ದುಪಡಿ ಆಗಿದೆ. ಆಹಾರದ ಹೆಸರು, ಪದಾರ್ಥಗಳು, ನಿವ್ವಳ ತೂಕ, ತಯಾರಕರ ಹೆಸರು-ವಿಳಾಸ, ಬ್ಯಾಚ್ ಗುರುತು, ದಿನಾಂಕ, ಇಡುವ ರೀತಿ ಇವೆಲ್ಲ ಅದರಲ್ಲಿ ಬರುತ್ತವೆ. ಕೆಳಗೆ ಬೇರೆ ಹೆಸರು ಹೇಳದೆ ನಿಯಮ ಅಂದಾಗ ಇದನ್ನೇ ಇಟ್ಟುಕೊಂಡಿದ್ದೇನೆ. ಪ್ರಿಂಟ್‌ಗೆ ಕಳಿಸುವ ಮುಂಚೆ ಮಾರುವ ದೇಶದ ನಿಯಮ ನೋಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ತಕ್ಕಡಿಯಿಂದ ಪಟ್ಟಿಗೆ

ಹಿಂಭಾಗ ಶುರುವಾಗುವುದು ತೂಕದ ಪುಸ್ತಕದಿಂದ. ನಮ್ಮ ಒಂದು ಬ್ಯಾಚ್‌ಗೆ ಹಾಕಿದ್ದು ಇಷ್ಟು: ಕಡಲೇಬೀಜ 7 ಕಿಲೋ, ಸಕ್ಕರೆ 1.4 ಕಿಲೋ, ಸೂರ್ಯಕಾಂತಿ ಎಣ್ಣೆ 600 ಗ್ರಾಂ, ಹೊರಗಿಂದ ಕೊಂಡ ಖಾರದ ಮಸಾಲೆ ಮಿಶ್ರಣ 400 ಗ್ರಾಂ, ಜೇನುತುಪ್ಪ 300 ಗ್ರಾಂ, ಎಳ್ಳು 200 ಗ್ರಾಂ, ಉಪ್ಪು 100 ಗ್ರಾಂ. ಒಟ್ಟು 10 ಕಿಲೋ. ಇದಲ್ಲದೆ ಸಕ್ಕರೆ ಪಾಕಕ್ಕೆ ಸ್ವಲ್ಪ ನೀರು.

ಪಟ್ಟಿ ಬರೆಯುವ ನಿಯಮ ಸರಳ. ತಯಾರಿಸುವಾಗ ಹಾಕಿದ ತೂಕದ ಪ್ರಕಾರ ಜಾಸ್ತಿ ಇರೋದು ಮೊದಲು, ಕಡಿಮೆ ಇರೋದು ಕೊನೆಗೆ. ಹುರಿಯುವಾಗ ಆವಿಯಾಗಿ ಹೋಗುವ ನೀರನ್ನು ಬರೆಯಬೇಕಾಗಿಲ್ಲ. ಹಾಗಾಗಿ ನಮ್ಮ ಪಟ್ಟಿಯ ಕ್ರಮ ಮೇಲಿನ ಕ್ರಮವೇ. ಇಲ್ಲಿ ಕೆಲವರಿಗೆ ಒಂದು ಉಪಾಯ ಹೊಳೆಯುತ್ತದೆ: 1.4 ಕಿಲೋ ಸಕ್ಕರೆಯನ್ನು ಸಕ್ಕರೆ, ಗ್ಲೂಕೋಸ್ ಸಿರಪ್, ಬೆಲ್ಲ ಅಂತ ಮೂರು ಭಾಗ ಮಾಡಿದರೆ ಒಂದೊಂದರ ತೂಕವೂ ಇಳಿದು ಎಲ್ಲವೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತವಲ್ಲ? ಹೋಗುತ್ತವೆ. ಆದರೆ ಪೌಷ್ಟಿಕಾಂಶದ ಕೋಷ್ಟಕದಲ್ಲಿ ಎಲ್ಲ ಸಕ್ಕರೆಯೂ ಒಂದೇ ಸಾಲಿನಲ್ಲಿ ಒಟ್ಟಾಗಿ ಬಂದು ನಿಲ್ಲುತ್ತದೆ. ಲೇಬಲ್ ಓದೋ ಅಭ್ಯಾಸ ಇರೋರು ಮೊದಲು ನೋಡೋದೂ ಅಲ್ಲೇ.

ಈಗ ಜೇನಿನ ವಿಷಯ. 10 ಕಿಲೋಗೆ 300 ಗ್ರಾಂ, ಅಂದರೆ ಶೇಕಡಾ 3. ಲೇಬಲ್ ಮೇಲೆ ಮಾತಿನಿಂದಲೋ ಚಿತ್ರದಿಂದಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಅಂತ ಹೇಳಬೇಕು ಅನ್ನುತ್ತದೆ ಕೋಡೆಕ್ಸ್. ಚಿತ್ರವೂ ಲೆಕ್ಕಕ್ಕೆ ಬರುತ್ತದೆ ಅನ್ನೋದನ್ನ ಗಮನಿಸಿ. ‘ನಾವು ಜೇನು ಅಂತ ಎಲ್ಲೂ ಬರೆದಿಲ್ಲ, ಬರೀ ಜೇನುಗೂಡಿನ ಚಿತ್ರ ಹಾಕಿದ್ದೇವೆ’ ಅಂದರೆ ನಡೆಯಲ್ಲ. ಆದ್ದರಿಂದ ಪಟ್ಟಿಯಲ್ಲಿ ‘ಜೇನುತುಪ್ಪ (3%)’ ಅಂತ ಬರುತ್ತದೆ. ಕಡಲೇಬೀಜವೂ ಹೆಸರಿನಲ್ಲೇ ಇರುವುದರಿಂದ ‘ಕಡಲೇಬೀಜ (70%)’.

ಈ 3% ಅನ್ನೋದನ್ನ ಬರೆದ ತಕ್ಷಣ ಮುಂಭಾಗದ ಜೇನಿನ ಧಾರೆ ಒಂಥರಾ ಮುಜುಗರ ಆಗುತ್ತೆ ಅಲ್ವಾ? ಹಿಂಭಾಗ ಮೊದಲು ಬರೆಯುವುದರ ಲಾಭ ಇದೇ. ಡಿಸೈನ್‌ಗೆ ಖರ್ಚು ಮಾಡುವ ಮುಂಚೆಯೇ ಮುಜುಗರ ಆಗಿಬಿಟ್ಟರೆ ಸರಿಪಡಿಸೋದು ಸುಲಭ. ಎರಡು ದಾರಿ ಇವೆ. ಜೇನು ಜಾಸ್ತಿ ಹಾಕಿ ಸಕ್ಕರೆ ಇಳಿಸಬಹುದು, ಆದರೆ ಜೇನು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಬೀಜ ಬೇಗ ಅಂಟಂಟು ಆಗುತ್ತದೆ. ಇಲ್ಲವಾದರೆ ಮುಂಭಾಗದಲ್ಲಿ ಜೇನಿನ ಜಾಗ ಕಿರಿದು ಮಾಡಿ, ನಿಜವಾಗಿ ಜಾಸ್ತಿ ಇರುವ ಕಡಲೇಬೀಜವನ್ನೇ ನಾಯಕನನ್ನಾಗಿ ಮಾಡಬಹುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಶೇಕಡಾ 70 ಕಡಲೇಬೀಜ ಅನ್ನೋದು ಹೆಮ್ಮೆಯಿಂದ ಮುಂದೆ ಹಾಕಬಹುದಾದ ಸಂಖ್ಯೆ, ಯಾರೂ ಅದನ್ನ ಪ್ರಶ್ನೆ ಮಾಡಲಾರರು.

ಮಸಾಲೆ ಪೊಟ್ಟಣದ ಒಳಗೆ ಏನಿದೆ?

ಪಟ್ಟಿಯಲ್ಲಿ ನಿಜವಾದ ಅಪಾಯ ಇರುವುದು ಆ 400 ಗ್ರಾಂ ಮಸಾಲೆಯಲ್ಲಿ. ಅದನ್ನು ‘ಮಸಾಲೆ’ ಅಂತ ಒಂದೇ ಪದದಲ್ಲಿ ಮುಗಿಸುವವರು ಬಹಳ. ಆದರೆ ಹೊರಗಿಂದ ಕೊಂಡ ಮಿಶ್ರಣದ ಒಳಗೆ ಅದರದ್ದೇ ಒಂದು ಪಟ್ಟಿ ಇರುತ್ತದೆ. ಪೂರೈಕೆದಾರರಿಂದ ಅದರ ವಿವರ ಪತ್ರ ತರಿಸಿಕೊಂಡಾಗ ನಮ್ಮದರಲ್ಲಿ ಇದ್ದದ್ದು ಹೀಗೆ ಅಂತಿಟ್ಟುಕೊಳ್ಳಿ: ಮೆಣಸಿನಕಾಯಿ ಪುಡಿ, ಉಪ್ಪು, ಮಾಲ್ಟೋಡೆಕ್ಸ್‌ಟ್ರಿನ್, ಸೋಯಾ ಸಾಸ್ ಪುಡಿ, ಬೆಳ್ಳುಳ್ಳಿ ಪುಡಿ, ಹುಳಿಗೆ ಸಿಟ್ರಿಕ್ ಆಮ್ಲ. ಸೋಯಾ ಸಾಸ್ ಪುಡಿಯ ಒಳಗೆ ಮತ್ತೆ ಸೋಯಾ ಮತ್ತು ಗೋಧಿ. ಕಡಲೇಬೀಜದ ಪ್ಯಾಕೆಟ್‌ನಲ್ಲಿ ಗೋಧಿ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ?

ಇಂಥ ಸಂಯುಕ್ತ ಪದಾರ್ಥದ ಒಳಪಟ್ಟಿಯನ್ನು ಅದರ ಹೆಸರಿನ ಪಕ್ಕ ಆವರಣದಲ್ಲಿ ಕೊಡಬೇಕು. ಒಟ್ಟು ಆಹಾರದಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಒಂದು ವಿನಾಯಿತಿ ಇದೆ. ನಮ್ಮ ಮಸಾಲೆ ಶೇಕಡಾ 4 ಮಾತ್ರ. ಹಾಗಂತ ಖುಷಿಪಡುವ ಹಾಗಿಲ್ಲ. ಕೋಡೆಕ್ಸ್ ಪ್ರಕಾರ ಆ ವಿನಾಯಿತಿ ಇರೋದು ಕೋಡೆಕ್ಸ್ ಮಾನದಂಡದಲ್ಲೋ ದೇಶದ ಕಾನೂನಿನಲ್ಲೋ ಹೆಸರು ನಿಗದಿಯಾದ ಪದಾರ್ಥಗಳಿಗೆ ಮಾತ್ರ, ಯಾರೋ ಬೆರೆಸಿದ ಮಸಾಲೆಗೆ ಅದು ಸಿಗಲ್ಲ. ಜೊತೆಗೆ ಅಲರ್ಜಿ ತರುವ ಪದಾರ್ಥಕ್ಕೆ ಶೇಕಡಾ 5ರ ವಿನಾಯಿತಿ ಎಂದೂ ಇಲ್ಲ, ಅದು ಚಿಟಿಕೆ ಇದ್ದರೂ ಬರೆಯಲೇಬೇಕು.

ಯಾವುದನ್ನು ಅಲರ್ಜಿಕಾರಕ ಅಂತ ಎಣಿಸುತ್ತಾರೆ ಅನ್ನೋದು ಮಾರುಕಟ್ಟೆ ಬದಲಾದ ಹಾಗೆ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ 14 ಇವೆ. ಅಮೆರಿಕದ್ದರಲ್ಲಿ 9, ಅದರಲ್ಲಿ ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ನಮ್ಮ ಪ್ಯಾಕೆಟ್‌ನಲ್ಲಿ ಕಡಲೇಬೀಜ, ಎಳ್ಳು, ಸೋಯಾ, ಗೋಧಿ ನಾಲ್ಕು ಇವೆ. ಯುರೋಪಿನಲ್ಲಿ ಇವನ್ನು ಪಟ್ಟಿಯ ಒಳಗೇ ದಪ್ಪ ಅಕ್ಷರದಲ್ಲೋ ಬೇರೆ ಬಣ್ಣದಲ್ಲೋ ಎದ್ದು ಕಾಣುವಂತೆ ಮಾಡಬೇಕು. ಬೇರೆ ಕಡೆ ಪಟ್ಟಿಯ ಕೆಳಗೆ ಪ್ರತ್ಯೇಕ ಸಾಲು ಹಾಕುವ ರೂಢಿ ಇದೆ. ಅಲರ್ಜಿ ಇರುವವರಿಗೆ ‘ಹೈಡ್ರೊಲೈಸ್ಡ್ ಸಸ್ಯಜನ್ಯ ಪ್ರೋಟೀನ್’ ಅನ್ನೋ ಮಾತು ಏನೂ ಹೇಳಲ್ಲ, ಅದರ ಪಕ್ಕ ‘ಸೋಯಾ’ ಅಂತ ಇದ್ದರೆ ಎಲ್ಲ ಹೇಳುತ್ತದೆ.

ಇಷ್ಟೆಲ್ಲ ಬರೆದರೂ ಲೇಬಲ್ ತಪ್ಪಾಗಬಹುದು, ಪೊಟ್ಟಣದಲ್ಲಿ ಬಂದದ್ದು ಕಾಗದದಲ್ಲಿ ಇದ್ದದ್ದೇ ಆಗಿರದಿದ್ದರೆ. 2014ರ ಕೊನೆ ಮತ್ತು 2015ರಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲಿ ಕಡಲೇಬೀಜದ ಪ್ರೋಟೀನ್ ಸಿಕ್ಕಿತು. ಆ ಪುಡಿ ಎಷ್ಟೋ ಮಸಾಲೆ ಮಿಶ್ರಣಗಳಿಗೆ, ಅಲ್ಲಿಂದ ಎಷ್ಟೋ ಸಿದ್ಧ ಆಹಾರಗಳಿಗೆ ಸೇರಿತ್ತು. ನೂರಾರು ಉತ್ಪನ್ನಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಆ ತಯಾರಕರಲ್ಲಿ ಬಹಳಷ್ಟು ಜನ ತಮ್ಮ ಪಾಕವಿಧಾನಕ್ಕೆ ಸರಿಯಾಗೇ ಲೇಬಲ್ ಬರೆದಿದ್ದರು. ಮಸಾಲೆಯ ವಿವರ ಪತ್ರವನ್ನು ಒಂದು ಸಲ ತರಿಸಿ ಫೈಲ್‌ನಲ್ಲಿಟ್ಟರೆ ಸಾಲದು ಅನ್ನೋದು ಇದಕ್ಕೇ. ಪೂರೈಕೆದಾರ ಮಿಶ್ರಣ ಬದಲಿಸಿದರೆ ಮೊದಲೇ ತಿಳಿಸಬೇಕು ಅಂತ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು.

‘ಬಾದಾಮಿ, ಹಾಲಿನ ಅಂಶ ಇರಬಹುದು’ ಅನ್ನೋ ಸಾಲನ್ನು ಸುಮ್ನೆ ಎಲ್ಲ ಪ್ಯಾಕೆಟ್‌ಗೂ ಅಂಟಿಸುವವರಿದ್ದಾರೆ. ಅದೇ ಯಂತ್ರದಲ್ಲಿ ಬಾದಾಮಿ ಹುರಿಯುತ್ತೀರಿ, ತೊಳೆದರೂ ಪೂರ್ತಿ ಹೋಗಲ್ಲ ಅಂತಿದ್ದರೆ ಆ ಸಾಲು ಬೇಕು. ಶುಚಿ ಮಾಡುವ ಕೆಲಸದ ಬದಲಿಗೆ ಅದನ್ನು ಹಾಕಿದರೆ ಅಲರ್ಜಿ ಇರುವವರು ಇಂಥ ಸಾಲನ್ನೇ ನಂಬುವುದು ಬಿಟ್ಟುಬಿಡುತ್ತಾರೆ.

ಕೋಷ್ಟಕ ಹೇಳುವುದನ್ನು ಮುಂಭಾಗ ಅಲ್ಲಗಳೆಯಬಾರದು

ಪೌಷ್ಟಿಕಾಂಶದ ಲೆಕ್ಕಕ್ಕೆ ಬಂದಾಗ ಒಂದು ಎಡವಟ್ಟು ಬಹಳ ಸಲ ಆಗುತ್ತದೆ. ಪದಾರ್ಥಗಳ ಪಟ್ಟಿಗೆ ಹಾಕಿದ ತೂಕ ಬೇಕು, ಆದರೆ ಪೌಷ್ಟಿಕಾಂಶ ಹೇಳಬೇಕಾದದ್ದು ತಯಾರಾದ ತಿಂಡಿಯ 100 ಗ್ರಾಂಗೆ. ಹುರಿದಾಗ ಬೀಜದ ತೇವವೂ ಹೋಗಿ ನಮ್ಮ 10 ಕಿಲೋ 9.6 ಕಿಲೋ ಆಯಿತು ಅಂದುಕೊಳ್ಳಿ. ಸಕ್ಕರೆ, ಉಪ್ಪು ಎಲ್ಲಿಗೂ ಹೋಗಿಲ್ಲ, ಅವು ಈಗ 9.6 ಕಿಲೋದಲ್ಲಿ ಹಂಚಿಕೊಂಡಿವೆ.

ಲೆಕ್ಕ ಹಾಕೋಣ. ಸೇರಿಸಿದ ಸಕ್ಕರೆ 1,400 ಗ್ರಾಂ. ಜೇನಿನಲ್ಲಿ ಸುಮಾರು ಶೇಕಡಾ 80 ಸಕ್ಕರೆಯೇ, ಅದರಿಂದ 240 ಗ್ರಾಂ. ಬೀಜದಲ್ಲೇ ಇರುವ ಸಕ್ಕರೆ ಬಿಟ್ಟು ಒಟ್ಟು 1,640. ಅದನ್ನು 9.6 ಕಿಲೋಗೆ ಹಂಚಿದರೆ 100 ಗ್ರಾಂಗೆ ಸುಮಾರು 17 ಗ್ರಾಂ. ಒಬ್ಬರು ಒಂದು ಸಲಕ್ಕೆ ತಿನ್ನುವುದು 30 ಗ್ರಾಂ ಅಂತ ಬರೆದರೆ ಅದರಲ್ಲಿ 5 ಗ್ರಾಂ ಚಿಲ್ಲರೆ. ಇನ್ನು ಉಪ್ಪು: ನೇರವಾಗಿ ಹಾಕಿದ್ದು 100 ಗ್ರಾಂ, ಮಸಾಲೆಯಲ್ಲಿ ಶೇಕಡಾ 20 ಉಪ್ಪಿದ್ದರೆ ಇನ್ನೂ 80 ಗ್ರಾಂ. ಉಪ್ಪಿನ ತೂಕದ ಸುಮಾರು ಶೇಕಡಾ 40 ಸೋಡಿಯಂ, ಹಾಗಾಗಿ 72 ಗ್ರಾಂ. 100 ಗ್ರಾಂ ತಿಂಡಿಗೆ 750 ಮಿಲಿಗ್ರಾಂ. ಮಸಾಲೆಯ ಒಳಗಿನ ಉಪ್ಪು ಮರೆತಿದ್ದರೆ ಇದು 420ರ ಹತ್ತಿರ ಬಂದು ನಿಲ್ಲುತ್ತಿತ್ತು. ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಹಾಕಿದ ಮೇಲೂ ಒಂದು ಸಲ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈ ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ಮುಂಭಾಗಕ್ಕೆ ಬನ್ನಿ. ‘ಕಡಿಮೆ ಉಪ್ಪು’ ಅನ್ನಬಹುದಾ? ಕಡಿಮೆ ಸೋಡಿಯಂ ಅನ್ನಬೇಕಾದರೆ 100 ಗ್ರಾಂಗೆ 120 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ಕೋಡೆಕ್ಸ್, ನಮ್ಮದು ಅದರ ಆರು ಪಟ್ಟು. ‘ಕೊಲೆಸ್ಟ್ರಾಲ್ ಇಲ್ಲ’? ಇದು ಎಲ್ಲರಿಗೂ ಇಷ್ಟವಾದ ಸಾಲು, ಕಡಲೇಬೀಜದಲ್ಲಿ ಕೊಲೆಸ್ಟ್ರಾಲ್ ಇಲ್ಲದಿರೋದೂ ನಿಜ. ಆದರೆ ಆ ಮಾತು ಬಳಸಲು ಪರ್ಯಾಪ್ತ ಕೊಬ್ಬೂ 100 ಗ್ರಾಂಗೆ 1.5 ಗ್ರಾಂ ಒಳಗಿರಬೇಕು ಅನ್ನೋ ಷರತ್ತು ಇದೆ. ಬೀಜ ಮತ್ತು ಎಣ್ಣೆ ಸೇರಿ ನಮ್ಮದರಲ್ಲಿ ಅದು 5 ಗ್ರಾಂ ದಾಟುತ್ತದೆ. ‘ಸಕ್ಕರೆಯ ಬದಲು ಜೇನು’ ಅಂತೂ ಬಿಡಿ, ಸಕ್ಕರೆ ಪಟ್ಟಿಯ ಎರಡನೇ ಜಾಗದಲ್ಲಿ ಕೂತಿದೆ.

ಹಾಗಾದರೆ ಮುಂಭಾಗದಲ್ಲಿ ಏನು ಉಳಿಯಿತು? ರುಚಿ ಉಳಿಯಿತು. ತಿಂಡಿ ಕೊಳ್ಳುವವರು ಮುಖ್ಯವಾಗಿ ಅದಕ್ಕೇ ಕೊಳ್ಳೋದು. ‘ಮೊದಲು ಸಿಹಿ, ಆಮೇಲೆ ಖಾರ’ ಅನ್ನೋ ಸಾಲಿಗೆ ಯಾವ ಪ್ರಯೋಗಾಲಯದ ವರದಿಯೂ ಬೇಕಿಲ್ಲ. ‘ಹೊರಗೆ ಎಳ್ಳಿನ ಗರಿಗರಿ ಪದರ’ ಅನ್ನೋದು ಪ್ಯಾಕೆಟ್ ಒಡೆದ ತಕ್ಷಣ ಕಣ್ಣಿಗೇ ಕಾಣುತ್ತದೆ. ಆರೋಗ್ಯದ ಮಾತಿಗೆ ನಿಯಮ ಬಿಗಿ, ರುಚಿಯ ಮಾತಿಗೆ ಸಡಿಲ. ನಿಯಮ ಸಡಿಲ ಇರೋ ಕಡೆ ಕೆಲಸ ಮಾಡೋದು ಬಿಟ್ಟು ಬಿಗಿ ಇರೋ ಕಡೆ ತಲೆ ಚಚ್ಚಿಕೊಳ್ಳೋದು ಯಾಕೆ?

ಗಾಜಿನಂಥ ಕಿಟಕಿ ಮತ್ತು ಕಮಟು ವಾಸನೆ

ಪದಾರ್ಥದ ವಿಷಯದಲ್ಲಿ ಮುಂಭಾಗ ಹಿಂಭಾಗದ ಜಗಳ ಮಾತಿನಲ್ಲಿ ನಡೆಯುತ್ತದೆ. ಬಾಳಿಕೆಯ ವಿಷಯದಲ್ಲಿ ಅದು ಪ್ಯಾಕೆಟ್‌ನ ಹಾಳೆಯಲ್ಲೇ ನಡೆಯುತ್ತದೆ.

ಹುರಿದ ಬೀಜ ಹಾಳಾಗುವುದು ಬೂಸಲು ಹಿಡಿದು ಅಲ್ಲ, ಅದು ಅಷ್ಟು ಒಣಗಿರುತ್ತದೆ. ಅದರ ಬಾಳಿಕೆ ಮುಗಿಯುವುದು ಎರಡು ರೀತಿ. ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಮೇಲಿನ ಸಕ್ಕರೆ ಪದರ ಅಂಟುತ್ತದೆ. ಇಲ್ಲವೇ ಒಳಗಿನ ಎಣ್ಣೆ ಆಮ್ಲಜನಕದ ಜೊತೆ ಸೇರಿ ಕಮಟು ಆಗುತ್ತದೆ. ಎರಡನೆಯದನ್ನು ಬೆಳಕು ಜೋರು ಮಾಡುತ್ತದೆ.

ಇಲ್ಲಿ ಡಿಸೈನರ್ ಬಂದು ‘ಬೀಜ ಎಷ್ಟು ಚೆಂದ ಇದೆ, ಪಾರದರ್ಶಕ ಕಿಟಕಿ ಇಡೋಣ’ ಅನ್ನುತ್ತಾರೆ. ಒಳಗಿನ ತಿಂಡಿ ಕಾಣುವ ಪ್ಯಾಕೆಟ್ ಕೈಗೆತ್ತಿಕೊಳ್ಳುವಂತೆ ಮಾಡುತ್ತದೆ, ಅದು ಸುಳ್ಳಲ್ಲ. ಆದರೆ ಅಂಗಡಿಯ ದೀಪದ ಕೆಳಗೆ ಇಡೀ ದಿನ ನಿಲ್ಲುವ ಆ ಕಿಟಕಿಯಿಂದ ಬೆಳಕು ನೇರ ಎಣ್ಣೆಗೆ ಬೀಳುತ್ತದೆ. ಒಳಗೆ ಬೆಳ್ಳಿ ಬಣ್ಣದ ಲೋಹದ ಲೇಪನ ಇರುವ ಹಾಳೆ ಬೆಳಕು, ತೇವ, ಆಮ್ಲಜನಕ ಮೂರನ್ನೂ ಚೆನ್ನಾಗಿ ತಡೆಯುತ್ತದೆ, ಕಿಟಕಿ ಇದ್ದ ಜಾಗದಲ್ಲಿ ಆ ಲೇಪನ ಇರಲ್ಲ. ಹಾಗಾಗಿ ಕಿಟಕಿ ಇಡುವ ತೀರ್ಮಾನ ಅಂದರೆ ದಿನಾಂಕವನ್ನು ಹಿಂದಕ್ಕೆ ತರುವ ತೀರ್ಮಾನ. ಇದನ್ನು ಡಿಸೈನ್ ಸಭೆಯಲ್ಲೇ ಹೇಳಬೇಕು. ಕಿಟಕಿ ಬೇಕೇ ಬೇಕು ಅಂದರೆ ಚಿಕ್ಕದಾಗಿ, ಹಿಂಭಾಗದ ಕೆಳಗಡೆ ಇಡಬಹುದು. ಇಲ್ಲವಾದರೆ ಬೀಜದ ನಿಜವಾದ ಫೋಟೋ ಹಾಕಿ, ನಿಜವಾದದ್ದು ಅಂದರೆ ಒಳಗೆ ಇರುವಷ್ಟೇ ಎಳ್ಳು ಮೆತ್ತಿದ ಬೀಜದ್ದು. ಆಯ್ದು ಆಯ್ದು ಅಂಟಿಸಿದ ಎಳ್ಳಿನದ್ದಲ್ಲ.

ಬಾಳಿಕೆ ಎಷ್ಟು ಅಂತ ಹೇಗೆ ನಿರ್ಧರಿಸುವುದು? ಇನ್ನೊಬ್ಬರ ಪ್ಯಾಕೆಟ್ ನೋಡಿ ‘ಅವರು ಆರು ತಿಂಗಳು ಹಾಕಿದ್ದಾರೆ, ನಾವೂ ಹಾಕೋಣ’ ಅನ್ನುವುದು ಚಾಲ್ತಿಯಲ್ಲಿರುವ ಪದ್ಧತಿ. ಅವರ ಹಾಳೆ ಬೇರೆ, ಎಣ್ಣೆ ಬೇರೆ, ಒಳಗೆ ಗಾಳಿಯ ಬದಲು ನೈಟ್ರೋಜನ್ ತುಂಬಿರಬಹುದು. ಸರಿಯಾದ ದಾರಿ ಅಂದರೆ ಮಾರುವ ಪ್ಯಾಕೆಟ್‌ನಲ್ಲೇ ಮಾರುವ ತಿಂಡಿಯನ್ನು ತುಂಬಿ, ಮಾಮೂಲಿ ತಾಪದಲ್ಲಿ ಇಟ್ಟು, ಎರಡು ವಾರಕ್ಕೊಮ್ಮೆ ಒಂದೊಂದು ಒಡೆದು ನೋಡುವುದು. ಕೆಲವರು ತಿಂದು ರುಚಿ ಹೇಳಬೇಕು, ತೇವ ಅಳೆಯಬೇಕು, ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಂದಾಜು ಕೊಡುವ ಪೆರಾಕ್ಸೈಡ್ ಮೌಲ್ಯ ಪರೀಕ್ಷಿಸಬೇಕು.

ಅಷ್ಟು ದಿನ ಕಾಯಲು ಆಗದವರು ಬಿಸಿ ಕೋಣೆಯ ಪರೀಕ್ಷೆ ಮಾಡುತ್ತಾರೆ. ತಾಪ 10 ಡಿಗ್ರಿ ಏರಿದರೆ ಕಮಟು ಆಗುವ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಅನ್ನೋದು ಅದರ ಹಿಂದಿನ ಅಂದಾಜು. ನಮ್ಮ ಪ್ಯಾಕೆಟ್ 38 ಡಿಗ್ರಿಯಲ್ಲಿ 10 ವಾರಕ್ಕೆ ಕಮಟು ಆಯಿತು ಅಂದರೆ 28 ಡಿಗ್ರಿಯಲ್ಲಿ 20 ವಾರ ಬರಬಹುದು. ಅದರಲ್ಲಿ ಕಾಲು ಭಾಗ ಸುರಕ್ಷತೆಗೆ ಕಳೆದರೆ 15 ವಾರ. ಲೇಬಲ್ ಮೇಲೆ ಮೂರು ತಿಂಗಳು. ಎರಡು ಪಟ್ಟು ಅನ್ನೋದು ಎಲ್ಲ ತಿಂಡಿಗೂ ಒಂದೇ ಅಲ್ಲ, ಅದು ಒಂದೂವರೆ ಇರಬಹುದು, ಮೂರೂ ಇರಬಹುದು. ಅಲ್ಲದೆ ನಮ್ಮ ಬೀಜದ ಜೇನು-ಸಕ್ಕರೆ ಪದರ 38 ಡಿಗ್ರಿಯಲ್ಲಿ ಸುಮ್ನೆ ಮೆತ್ತಗಾಗಿಬಿಡಬಹುದು, 28ರಲ್ಲಿ ಅದು ಆಗದೇ ಇರಬಹುದು. ಹಾಗಾಗಿ ಬಿಸಿ ಕೋಣೆಯ ಉತ್ತರ ಇಟ್ಟುಕೊಂಡು ಮಾರಾಟ ಶುರು ಮಾಡಿದರೂ ಮಾಮೂಲಿ ತಾಪದ ಪರೀಕ್ಷೆ ಪಕ್ಕದಲ್ಲಿ ನಡೆಯುತ್ತಿರಬೇಕು.

ಪೆರಾಕ್ಸೈಡ್ ಮೌಲ್ಯದ ಬಗ್ಗೆ ಒಂದು ಎಚ್ಚರಿಕೆ. ಎಣ್ಣೆ ಕೆಡುತ್ತಾ ಹೋದಂತೆ ಅದು ಏರುತ್ತದೆ, ಆದರೆ ಒಂದು ಹಂತ ಆದಮೇಲೆ ಪೆರಾಕ್ಸೈಡ್‌ಗಳೇ ಒಡೆದು ಇಳಿಯುತ್ತದೆ. ಒಂದೇ ಸಲ ಅಳೆದು ‘ಕಡಿಮೆ ಇದೆ, ತಾಜಾ ಇದೆ’ ಅಂದುಕೊಂಡರೆ ಅದು ಆಗಲೇ ತುದಿ ದಾಟಿ ಇಳಿಯುತ್ತಿರುವ ಹಳೇ ಬೀಜ ಆಗಿರಬಹುದು. ಸಾಲಾಗಿ ಅಳೆದರೆ ಏರಿಳಿತ ಗೊತ್ತಾಗುತ್ತದೆ. ಮೂಗು ಕೂಡ ಇಲ್ಲಿ ಒಳ್ಳೆಯ ಸಾಕ್ಷಿ.

ದಿನಾಂಕ ಓದುವವರ ಕಡೆಯಿಂದ

‘ಈ ದಿನದವರೆಗೆ ಉತ್ತಮ’ ಮತ್ತು ‘ಈ ದಿನದೊಳಗೆ ಬಳಸಿ’ ಒಂದೇ ಅಲ್ಲ. ಮೊದಲನೆಯದು ಗುಣಮಟ್ಟದ ಮಾತು: ಆ ದಿನದ ಆಚೆ ರುಚಿ, ಗರಿಗರಿ ಕಡಿಮೆಯಾಗಬಹುದು. ಎರಡನೆಯದು ಸುರಕ್ಷತೆಯ ಮಾತು: ಆ ದಿನದ ಆಚೆ ತಿನ್ನಬೇಡಿ. ಹುರಿದ ಬೀಜದಂಥ ಒಣ ತಿಂಡಿಗೆ ಮೊದಲನೆಯದೇ ಸರಿ. ಜಾಗ್ರತೆಗೆ ಅಂತ ಎರಡನೆಯದನ್ನು ಹಾಕಿದರೆ ತಿನ್ನಬಹುದಾದ ತಿಂಡಿ ಕಸಕ್ಕೆ ಹೋಗುತ್ತದೆ, ಅಷ್ಟೇ.

ಬಾಳಿಕೆ ಮೂರು ತಿಂಗಳು ಮೀರದಿದ್ದರೆ ದಿನ ಮತ್ತು ತಿಂಗಳು ಬರೆಯಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳು ಮತ್ತು ವರ್ಷ ಸಾಕು ಅನ್ನುತ್ತದೆ ಕೋಡೆಕ್ಸ್. ಹಾಗಾಗಿ ನಮ್ಮದಕ್ಕೆ ದಿನವೂ ಬೇಕು, ವರ್ಷವನ್ನೂ ಸೇರಿಸುವುದು ವಾಸಿ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇಲ್ಲ. 04/05 ಅಂದರೆ ಕೆಲವರಿಗೆ ಮೇ 4, ಕೆಲವರಿಗೆ ಏಪ್ರಿಲ್ 5. ನನಗೆ ಇನ್ನೊಂದು ಕಿರಿಕಿರಿ ಇದೆ: ‘ಪ್ಯಾಕ್ ಮಾಡಿದ ದಿನದಿಂದ ಮೂರು ತಿಂಗಳು’ ಅಂತ ಒಂದು ಕಡೆ, ಪ್ಯಾಕ್ ಮಾಡಿದ ದಿನ ಇನ್ನೆಲ್ಲೋ ಅಂಚಿನಲ್ಲಿ. ಓದುವವರು ಹುಡುಕಿ, ಬೆರಳು ಮಡಚಿ ಎಣಿಸಬೇಕು. ಕೊನೆಯ ದಿನಾಂಕವನ್ನೇ ಕೊಟ್ಟುಬಿಟ್ಟರೆ ಆಯಿತಲ್ಲ.

‘ತೆರೆದ ಮೇಲೆ ಗಾಳಿಯಾಡದ ಡಬ್ಬದಲ್ಲಿಟ್ಟು 10 ದಿನದೊಳಗೆ ತಿನ್ನಿ’ ಅಂತ ಬರೆಯುವುದಾದರೆ ಆ 10 ದಿನವನ್ನೂ ಪರೀಕ್ಷಿಸಿರಬೇಕು. ಜೇನಿನ ಪದರ ಇರುವ ಬೀಜಕ್ಕೆ ಈ ಸಾಲು ಬೇಕೇ ಬೇಕು, ತೆರೆದ ಪ್ಯಾಕೆಟ್ ತೇವದ ದಿನಗಳಲ್ಲಿ ಬೇಗ ಅಂಟುತ್ತದೆ.

ಹೀಗೆ ಬಂದು ನಿಂತ ಬರಹ ಇದು. ಮುಂಭಾಗ:

ಜೇನು-ಖಾರದ ಹುರಿದ ಕಡಲೇಬೀಜ
ಮೊದಲು ಸಿಹಿ, ಆಮೇಲೆ ಖಾರ
70% ಕಡಲೇಬೀಜ, ಹೊರಗೆ ಎಳ್ಳಿನ ಪದರ
ನಿವ್ವಳ ತೂಕ 100 ಗ್ರಾಂ

ಹಿಂಭಾಗದ ಮುಖ್ಯ ಭಾಗ:

ಪದಾರ್ಥಗಳು: ಕಡಲೇಬೀಜ (70%), ಸಕ್ಕರೆ, ಸೂರ್ಯಕಾಂತಿ ಎಣ್ಣೆ, ಖಾರದ ಮಸಾಲೆ (ಮೆಣಸಿನಕಾಯಿ ಪುಡಿ, ಉಪ್ಪು, ಮಾಲ್ಟೋಡೆಕ್ಸ್‌ಟ್ರಿನ್, ಸೋಯಾ ಸಾಸ್ ಪುಡಿ [ಸೋಯಾ, ಗೋಧಿ], ಬೆಳ್ಳುಳ್ಳಿ ಪುಡಿ, ಆಮ್ಲತೆ ನಿಯಂತ್ರಕ: ಸಿಟ್ರಿಕ್ ಆಮ್ಲ), ಜೇನುತುಪ್ಪ (3%), ಎಳ್ಳು (2%), ಉಪ್ಪು.
ಅಲರ್ಜಿ ಮಾಹಿತಿ: ಕಡಲೇಬೀಜ, ಸೋಯಾ, ಗೋಧಿ, ಎಳ್ಳು ಇದೆ.
ತಣ್ಣನೆಯ, ಒಣ ಜಾಗದಲ್ಲಿಡಿ. ತೆರೆದ ಮೇಲೆ ಗಾಳಿಯಾಡದ ಡಬ್ಬದಲ್ಲಿಟ್ಟು 10 ದಿನದೊಳಗೆ ತಿನ್ನಿ.
ಈ ದಿನದವರೆಗೆ ಉತ್ತಮ / ಬ್ಯಾಚ್: ಕೆಳಗಿನ ಬಿಳಿ ಚೌಕ ನೋಡಿ.

ಅದರ ಪಕ್ಕ ಪೌಷ್ಟಿಕಾಂಶದ ಕೋಷ್ಟಕ ಮತ್ತು ವಿಳಾಸ. ಮುಂಭಾಗದ ನಾಲ್ಕು ಸಾಲಿನಲ್ಲಿ ಯಾವುದನ್ನೂ ಹಿಂಭಾಗ ಅಲ್ಲಗಳೆಯುವುದಿಲ್ಲ.

ಪ್ರಿಂಟ್ ಆಗಿ ಬಂದಾಗ

ಕಂಪ್ಯೂಟರ್ ಪರದೆ ಮೇಲೆ ಎಲ್ಲವೂ ಓದುವಂತೆ ಕಾಣುತ್ತದೆ. ನಿಜವಾದ ಪ್ಯಾಕೆಟ್ ಉಬ್ಬುತ್ತದೆ, ಸುಕ್ಕುತ್ತದೆ, ಹೊಳೆಯುತ್ತದೆ. ಯುರೋಪಿನ ನಿಯಮದಲ್ಲಿ ಲ್ಯಾಟಿನ್ ಸಣ್ಣಕ್ಷರ ಎಕ್ಸ್‌ನ ಎತ್ತರ ಕನಿಷ್ಠ 1.2 ಮಿಲಿಮೀಟರ್, ತೀರಾ ಚಿಕ್ಕ ಪ್ಯಾಕೆಟ್‌ಗೆ 0.9. ಇದು ಕನಿಷ್ಠ, ಸಲಹೆ ಅಲ್ಲ. ಒತ್ತಕ್ಷರ ಇರುವ ಲಿಪಿಯಲ್ಲಿ ಅಷ್ಟು ಸಣ್ಣ ಗಾತ್ರಕ್ಕೆ ಇಳಿದರೆ ಒತ್ತುಗಳು ಒಂದಕ್ಕೊಂದು ಅಂಟಿ ಮಸಿಯ ಚುಕ್ಕೆಯಾಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಚಿನ್ನದ ಬಣ್ಣದ ಪದಾರ್ಥಗಳ ಪಟ್ಟಿ ತುಂಬಾ ಶ್ರೀಮಂತವಾಗಿ ಕಾಣುತ್ತದೆ, ದೀಪದ ಕೆಳಗೆ ಓದಲು ಬರಲ್ಲ. ಪಟ್ಟಿಗೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಅದೂ ಹೊಳಪಿಲ್ಲದ ಜಾಗದಲ್ಲಿ.

ದಿನಾಂಕ ಹೊಡೆಯುವ ಜಾಗವನ್ನು ಬಹಳ ಸಲ ಯಾರೂ ಯೋಚಿಸಿರಲ್ಲ. ಕೊನೆಗೆ ಅದು ಮೇಲಿನ ಸೀಲ್‌ನ ಗೆರೆಗೆರೆ ಪಟ್ಟಿಯ ಮೇಲೆ ಬೀಳುತ್ತದೆ, ಅಂಕಿ ಅರ್ಧ ಏರಿ ಅರ್ಧ ಇಳಿದಿರುತ್ತದೆ. ಇಲ್ಲವೇ ಪ್ಯಾಕೆಟ್ ಒಡೆದಾಗ ಆ ಪಟ್ಟಿಯ ಜೊತೆಗೇ ಹರಿದುಹೋಗುತ್ತದೆ. ಸೀಲ್‌ನಿಂದ ದೂರ, ಸಮತಟ್ಟಾದ ಕಡೆ ಒಂದು ಬಿಳಿ ಚೌಕ ಬಿಡಬೇಕು. ದಿನಾಂಕ ಹೊಡೆದ ಮೇಲೆ ಎಣ್ಣೆ ಕೈಯಿಂದ ಉಜ್ಜಿ ನೋಡಿ. ಅಳಿಸಿದರೆ ಮಸಿ ಬದಲಿಸಬೇಕು, ಏಕೆಂದರೆ ಈ ಪ್ಯಾಕೆಟ್ ಹಿಡಿಯುವ ಕೈಗಳೆಲ್ಲ ಎಣ್ಣೆ ಕೈಗಳೇ.

ಬ್ಯಾಚ್ ಸಂಖ್ಯೆ ಗ್ರಾಹಕರಿಗೆ ಅರ್ಥವಾಗಬೇಕಾಗಿಲ್ಲ. ನಿಮಗೆ ಅರ್ಥವಾಗಬೇಕು. ಆ ಸಂಖ್ಯೆ ನೋಡಿದರೆ ಯಾವ ದಿನ, ಯಾವ ಮಸಾಲೆ ಮೂಟೆಯಿಂದ ತಯಾರಾಯಿತು ಅಂತ ಪುಸ್ತಕದಲ್ಲಿ ಸಿಗಬೇಕು. ಜೀರಿಗೆಯಂಥ ಸಮಸ್ಯೆ ಬಂದಾಗ ಆ ಒಂದು ಮೂಟೆಯ ಪ್ಯಾಕೆಟ್‌ಗಳನ್ನಷ್ಟೇ ವಾಪಸ್ ತರಿಸಬಹುದು. ಸಂಖ್ಯೆ ಇಲ್ಲದಿದ್ದರೆ ಎಲ್ಲವನ್ನೂ ತರಿಸಬೇಕು.

ಇನ್ನೊಂದು ವ್ಯಾವಹಾರಿಕ ಮಾತು. ಪ್ರಿಂಟ್ ಮಾಡುವ ಅಚ್ಚಿನ ಸಿಲಿಂಡರ್ ಮಾಡಿಸಿ ದೊಡ್ಡ ರೋಲ್‌ಗಟ್ಟಲೆ ಹಾಳೆ ಪ್ರಿಂಟ್ ಮಾಡಿಸಿದರೆ ಒಂದೊಂದು ಪ್ಯಾಕೆಟ್‌ಗೆ ಬೀಳುವ ಖರ್ಚು ಕಡಿಮೆ, ಆದರೆ ಪಾಕವಿಧಾನ ಬದಲಾದ ದಿನ ಆ ರೋಲ್ ಅಷ್ಟೂ ತಪ್ಪು ಲೇಬಲ್ ಆಗುತ್ತದೆ. ಹೊಸ ತಿಂಡಿಯ ಮೊದಲ ಕೆಲವು ತಿಂಗಳು ಮಸಾಲೆ ಪೂರೈಕೆದಾರ ಬದಲಾಗುವುದು, ಸಿಹಿ ಹೆಚ್ಚುಕಡಿಮೆ ಮಾಡುವುದು ಇದ್ದೇ ಇರುತ್ತದೆ. ಆ ಕಾಲಕ್ಕೆ ಸಾದಾ ಪ್ಯಾಕೆಟ್ ಮೇಲೆ ಮುಂದೆ ಒಂದು, ಹಿಂದೆ ಒಂದು ಸ್ಟಿಕ್ಕರ್ ಅಥವಾ ಸಣ್ಣ ಡಿಜಿಟಲ್ ಪ್ರಿಂಟ್ ಸಾಕು. ಮಾಮೂಲಿ ತಾಪದ ಬಾಳಿಕೆ ಪರೀಕ್ಷೆ ಮುಗಿದು, ಎರಡು ಮೂರು ಬ್ಯಾಚ್‌ಗಳು ಒಂದೇ ಪಟ್ಟಿಯಲ್ಲಿ ನಿಂತ ಮೇಲೆ ಸಿಲಿಂಡರ್‌ಗೆ ಹೋಗಬಹುದು.